ಹತ್ತು ದಿನದ ನೋಟಿಸು: ಬಾಕಿ ಕೊಡದ ಕಂಪನಿ ಮುಚ್ಚುವವರೆಗಿನ ದಾರಿ

ಪೀಣ್ಯದಲ್ಲಿ ನಾಲ್ಕೈದು ಸಿಎನ್‌ಸಿ ಯಂತ್ರ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಮಾಲೀಕರಿಗೆ ಒಂದು ಮಾತು ಚೆನ್ನಾಗಿ ಗೊತ್ತು: "ಬಿಲ್ ಪಾಸಾಗಿದೆ ಸಾರ್, ಪೇಮೆಂಟ್ ಮುಂದಿನ ವಾರ." ಮುಂದಿನ ವಾರ ಮುಂದಿನ ತಿಂಗಳಾಗುತ್ತದೆ, ತಿಂಗಳು ವರ್ಷವಾಗುತ್ತದೆ. ಅಷ್ಟರಲ್ಲಿ ಉಕ್ಕು ಕೊಟ್ಟವನ ಬಾಕಿ, ಕರೆಂಟು ಬಿಲ್ಲು, ಕಾರ್ಮಿಕರ ಸಂಬಳ ಎಲ್ಲವೂ ಈ ಸಣ್ಣ ಮಾಲೀಕರ ತಲೆಯ ಮೇಲೆ ಬಂದಿರುತ್ತವೆ. ಕೊನೆಗೆ ಯಾರೋ ಹೇಳುತ್ತಾರೆ: "ಎನ್‌ಸಿಎಲ್‌ಟಿಗೆ ಹೋಗ್ತೀವಿ ಅಂತ ಒಂದು ನೋಟಿಸ್ ಕೊಡಿ, ದುಡ್ಡು ತಾನಾಗಿ ಬರುತ್ತೆ."

ಬರುವುದೂ ಉಂಟು. ಆದರೆ ಆ ನೋಟಿಸಿನ ಹಿಂದೆ ಒಂದು ಇಡೀ ಕಂಪನಿಯನ್ನು ಮುಚ್ಚಿಸಬಲ್ಲ ಕಾನೂನಿದೆ. ಹಾಗೆ ಮುಚ್ಚಿದರೆ ನೋಟಿಸು ಕೊಟ್ಟವರಿಗೆ ಏನು ಸಿಗುತ್ತದೆ ಎಂಬುದನ್ನು ಕಳಿಸುವ ಮೊದಲೇ ತಿಳಿದುಕೊಂಡಿರುವವರು ಕಡಿಮೆ. ಸಣ್ಣ ಉದ್ದಿಮೆದಾರರು ಏಟು ತಿನ್ನುವುದು ಅಲ್ಲಿಯೇ.

ಮೊದಲು ಹಳೆಯ ಕಾನೂನನ್ನು ನೋಡೋಣ. 1956ರ ಕಂಪನಿ ಕಾಯ್ದೆಯ 433 ಮತ್ತು 434ನೇ ಕಲಮುಗಳ ಪ್ರಕಾರ, ಬಾಕಿ ಬರಬೇಕಾದವನು ಕಂಪನಿಯ ನೋಂದಾಯಿತ ಕಚೇರಿಗೆ ಬೇಡಿಕೆ ನೋಟಿಸು ಕೊಡಬೇಕಿತ್ತು. ಮೂರು ವಾರದೊಳಗೆ ಕಂಪನಿ ಹಣ ಕೊಡದೆ, ಭದ್ರತೆಯನ್ನೂ ಒದಗಿಸದೆ, ರಾಜಿಯನ್ನೂ ಮಾಡಿಕೊಳ್ಳದೆ ಸುಮ್ಮನಿದ್ದರೆ, ಅದು ಸಾಲ ತೀರಿಸಲಾರದ ಕಂಪನಿ ಎಂದು ಕಾನೂನೇ ಭಾವಿಸಿಕೊಳ್ಳುತ್ತಿತ್ತು. ಆಗ ಸಾಲಗಾರ ಕಂಪನಿಯನ್ನು ಸಮಾಪ್ತಿಗೊಳಿಸಿ ಎಂದು ಹೈಕೋರ್ಟಿಗೆ ಅರ್ಜಿ ಹಾಕಬಹುದಿತ್ತು.

ಬೆಂಗಳೂರಿನವರಿಗೆ ಇದರ ಪರಿಚಯ ಹತ್ತಿರದಿಂದಲೇ ಆಗಿದೆ. 2012ರಲ್ಲಿ ಹಾರಾಟ ನಿಲ್ಲಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್ ಮೇಲೆ ಸಮಾಪನೆಯ ಅರ್ಜಿ ಹಾಕಿದವರಲ್ಲಿ ಏರೋಟ್ರಾನ್ ಎಂಬ ಬ್ರಿಟನ್ನಿನ ಕಂಪನಿಯೂ ಇತ್ತು. ವಿಮಾನದ ಬಿಡಿಭಾಗಗಳ ಬಾಬ್ತು ಅದಕ್ಕೆ ಹಣ ಬರಬೇಕಿತ್ತು. ಆ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು ವಿಮಾನಯಾನ ಕಂಪನಿಯನ್ನು ಸಮಾಪ್ತಿಗೊಳಿಸಲು ಆದೇಶಿಸಿದ್ದು 2016ರ ನವೆಂಬರಿನಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಅದರ ಮಾತೃಸಂಸ್ಥೆ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್‌ಗೂ ಅದೇ ಗತಿ ಬಂತು, ಏಕೆಂದರೆ ಅದು ವಿಮಾನಯಾನ ಕಂಪನಿಯ ಬಾಕಿಗಳಿಗೆ ಗ್ಯಾರಂಟಿ ನಿಂತಿತ್ತು. ಆ ಆದೇಶದ ವಿರುದ್ಧದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕುವ ಹೊತ್ತಿಗೆ 2020ರ ಅಕ್ಟೋಬರ್ ಬಂದಿತ್ತು. ಇಷ್ಟು ವರ್ಷಗಳ ಕಾಲ ಬಾಕಿದಾರರು ಕೋರ್ಟಿನ ದಿನಾಂಕ ಎಣಿಸುತ್ತ ಕೂರಬೇಕಾಯಿತು.

ಈ ವಿಳಂಬಕ್ಕೆ ಮದ್ದೆಂದು ಬಂದದ್ದು 2016ರ ದಿವಾಳಿ ಸಂಹಿತೆ. ಸಾಲ ತೀರಿಸಲಾರದ ಕಾರಣಕ್ಕೆ ಕಂಪನಿ ಮುಚ್ಚಿಸುವ ವಿಷಯವನ್ನು ಅದು ಕಂಪನಿ ಕಾಯ್ದೆಯಿಂದ ಕಿತ್ತು ತನ್ನೊಳಗೆ ಸೇರಿಸಿಕೊಂಡಿತು. ಹೈಕೋರ್ಟಿನ ಜಾಗಕ್ಕೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ ಬಂತು. ನೋಂದಾಯಿತ ಕಚೇರಿ ಕರ್ನಾಟಕದಲ್ಲಿರುವ ಕಂಪನಿಯಾದರೆ ಬೆಂಗಳೂರು ಪೀಠಕ್ಕೆ ಹೋಗಬೇಕು. ಮೂರು ವಾರದ ಗಡುವು ಹತ್ತು ದಿನಕ್ಕಿಳಿಯಿತು. ಕಂಪನಿಗೆ ಸಾಲ ತೀರಿಸುವ ಶಕ್ತಿ ಇದೆಯೋ ಇಲ್ಲವೋ ಎಂಬ ವಿಚಾರಣೆ ಈಗ ಮುಖ್ಯವಲ್ಲ. ಕೊಡಬೇಕಾದ ದಿನ ಕೊಡಲಿಲ್ಲ ಎಂಬುದು ಸಾಬೀತಾದರೆ ಸಾಕು. ಇನ್ನೊಂದು ದೊಡ್ಡ ಬದಲಾವಣೆಯೂ ಆಯಿತು. ನೇರವಾಗಿ ಬಾಗಿಲು ಹಾಕಿಸುವ ಬದಲು, ಕಂಪನಿಯನ್ನು ಬದುಕಿಸಿ ಇನ್ನೊಬ್ಬರ ಕೈಗೆ ಕೊಡಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಮಾತ್ರ ಆಸ್ತಿ ಮಾರಿ ಹಂಚುವ ಲಿಕ್ವಿಡೇಷನ್.

ಈಗ ಒಂದು ಉದಾಹರಣೆ ಕಟ್ಟಿಕೊಂಡು ದಾರಿಯುದ್ದಕ್ಕೂ ಹೋಗೋಣ. ನಮ್ಮ ಪೀಣ್ಯದ ಕಾರ್ಖಾನೆಯವರು ಪಂಪು ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಶಾಫ್ಟ್ ಮತ್ತು ಇಂಪೆಲ್ಲರ್ ಮಾಡಿಕೊಟ್ಟಿದ್ದಾರೆ ಎಂದುಕೊಳ್ಳಿ. ಹನ್ನೊಂದು ಬಿಲ್ಲು ಸೇರಿ 1 ಕೋಟಿ 18 ಲಕ್ಷ ರೂಪಾಯಿ ಬರಬೇಕು.

ಇವರು ಮೊದಲು ನೋಡಬೇಕಾದದ್ದು ಮೊತ್ತ. ಸಂಹಿತೆ ಜಾರಿಗೆ ಬಂದಾಗ ಒಂದು ಲಕ್ಷ ರೂಪಾಯಿ ಬಾಕಿಯಿದ್ದರೂ ಅರ್ಜಿ ಹಾಕಬಹುದಿತ್ತು. 2020ರ ಮಾರ್ಚ್ 24ರಂದು ಕೇಂದ್ರ ಸರ್ಕಾರ ಆ ಮಿತಿಯನ್ನು ಒಂದು ಕೋಟಿಗೆ ಏರಿಸಿತು. ಹಾಗಾಗಿ ನಲವತ್ತು ಲಕ್ಷ ಬಾಕಿಯಿರುವವರಿಗೆ ಈ ದಾರಿಯೇ ಇಲ್ಲ. ಕೋವಿಡ್ ಕಾಲದ ಇನ್ನೊಂದು ವಿನಾಯಿತಿಯೂ ಇದೆ: 2020ರ ಮಾರ್ಚ್ 25ರಿಂದ ಒಂದು ವರ್ಷದ ಅವಧಿಯಲ್ಲಿ ಕೊಡಲು ತಪ್ಪಿದ ಬಾಕಿಯ ಮೇಲೆ ಯಾವತ್ತೂ ದಿವಾಳಿ ಅರ್ಜಿ ಹಾಕುವಂತಿಲ್ಲ. ಹಣ ಕೊಡಬೇಕಾದ ದಿನದಿಂದ ಮೂರು ವರ್ಷ ದಾಟಿದ ಬಿಲ್ಲಿಗೂ ಬಲವಿಲ್ಲ. ಆದರೆ ಆ ಮೂರು ವರ್ಷದೊಳಗೆ ಕಂಪನಿ ಬಾಕಿಯನ್ನು ಲಿಖಿತವಾಗಿ ಒಪ್ಪಿಕೊಂಡಿದ್ದರೆ ಆ ದಿನದಿಂದ ಹೊಸ ಲೆಕ್ಕ ಶುರುವಾಗುತ್ತದೆ. ಮಾರ್ಚ್ ಮುಗಿದ ಮೇಲೆ ಲೆಕ್ಕಪತ್ರದ ಗುಮಾಸ್ತರು ಸಹಿ ಹಾಕಿಸಿಕೊಳ್ಳುವ ಬ್ಯಾಲೆನ್ಸ್ ಕನ್ಫರ್ಮೇಷನ್ ಪತ್ರಕ್ಕೆ ಬೆಲೆ ಬರುವುದು ಇಲ್ಲಿ. ಹಣ ಕೊಡಬೇಕಾದವರು ಕಂಪನಿ ಅಥವಾ ಎಲ್‌ಎಲ್‌ಪಿ ಆಗಿರಬೇಕು ಎಂಬುದೂ ನೆನಪಿರಲಿ. ಒಬ್ಬರೇ ಮಾಲೀಕರ ಅಂಗಡಿಗೆ, ಸಾಮಾನ್ಯ ಪಾಲುದಾರಿಕೆ ಸಂಸ್ಥೆಗೆ ಈ ನೋಟಿಸು ನಡೆಯದು.

ನೋಟಿಸಿಗೆ ಗೊತ್ತುಪಡಿಸಿದ ನಮೂನೆಯಿದೆ. ನಮೂನೆ 3ರಲ್ಲಿ ಬೇಡಿಕೆ ಬರೆಯಬಹುದು, ಇಲ್ಲವೇ ನಮೂನೆ 4ರ ಜೊತೆ ಬಿಲ್ಲಿನ ಪ್ರತಿ ಕಳಿಸಬಹುದು. ಎಷ್ಟು ಬಾಕಿ, ಯಾವ ದಿನ ಕೊಡಲು ತಪ್ಪಿದರು, ಯಾವ ದಾಖಲೆ ಇದೆ ಎಂಬುದು ಅದರಲ್ಲಿರಬೇಕು. ಖರೀದಿ ಆದೇಶ, ಬಿಲ್ಲು, ಸರಕು ಮುಟ್ಟಿದ್ದಕ್ಕೆ ಸಹಿಯಾದ ಡೆಲಿವರಿ ಚಲನ್, ಲೆಡ್ಜರ್ ಪ್ರತಿ ಜೊತೆಗಿದ್ದರೆ ಒಳ್ಳೆಯದು. ಅದನ್ನು ಕಂಪನಿಯ ನೋಂದಾಯಿತ ಕಚೇರಿಗೆ ಕೈಯಾರೆ ಅಥವಾ ಸ್ವೀಕೃತಿ ಸಮೇತ ರಿಜಿಸ್ಟರ್ಡ್ ಪೋಸ್ಟ್, ಸ್ಪೀಡ್ ಪೋಸ್ಟ್ ಮೂಲಕ ಮುಟ್ಟಿಸಬೇಕು. ಪೂರ್ಣಾವಧಿ ನಿರ್ದೇಶಕರಂಥ ಪ್ರಮುಖರಿಗೆ ಇಮೇಲ್ ಮಾಡಿದರೂ ನಡೆಯುತ್ತದೆ. ಕಾರ್ಖಾನೆಯ ಗೇಟಿನಲ್ಲಿ ಕೊಟ್ಟು ಬಂದರೆ ಸಾಲದು. ನೋಂದಾಯಿತ ಕಚೇರಿ ಎಲ್ಲಿದೆ ಎಂಬುದು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಸಿಗುತ್ತದೆ. ಸಾಲದಾತರ ಪರವಾಗಿ ವಕೀಲರು ಸಹಿ ಮಾಡಿ ಕಳಿಸಿದ ನೋಟಿಸೂ ಸರಿಯೇ ಎಂದು ಮೆಕ್ವಾರಿ ಬ್ಯಾಂಕ್ ಪ್ರಕರಣದಲ್ಲಿ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನೋಟಿಸು ಮುಟ್ಟಿದ ದಿನದಿಂದ ಹತ್ತು ದಿನ. ಅಷ್ಟರೊಳಗೆ ಪಂಪು ಕಂಪನಿ ಹಣ ಕೊಡಬಹುದು, ಅಥವಾ ಕೊಟ್ಟಾಗಿದೆ ಎಂದು ಬ್ಯಾಂಕ್ ದಾಖಲೆ ತೋರಿಸಬಹುದು, ಅಥವಾ ಈ ಬಾಕಿಯ ಬಗ್ಗೆ ಮೊದಲಿನಿಂದಲೂ ತಕರಾರಿದೆ ಎಂದು ಉತ್ತರ ಬರೆಯಬಹುದು. ಇಡೀ ಪ್ರಕರಣ ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಈ ಮೂರನೆಯ ಉತ್ತರದ ಮೇಲೆ. ಎಂಥ ತಕರಾರು ನಿಜವಾದ ತಕರಾರು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ಉತ್ತರ ಕೊಟ್ಟದ್ದು ಒಂದು ಟಿವಿ ನೃತ್ಯ ಸ್ಪರ್ಧೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ.

ಸ್ಟಾರ್ ಟಿವಿಯ 'ನಚ್ ಬಲಿಯೇ' ಕಾರ್ಯಕ್ರಮಕ್ಕೆ ವೀಕ್ಷಕರ ಫೋನ್ ಮತಗಳನ್ನು ಎಣಿಸುವ ಕೆಲಸ ಮೊಬಿಲಾಕ್ಸ್ ಎಂಬ ಕಂಪನಿಗೆ ಸಿಕ್ಕಿತ್ತು. ಅದು ಆ ಕೆಲಸವನ್ನು ಕಿರುಸಾ ಎಂಬ ಕಂಪನಿಗೆ ಒಪ್ಪಿಸಿತು. ಗೋಪ್ಯತೆ ಕಾಪಾಡುವ ಒಪ್ಪಂದವೂ ಆಯಿತು. ಕಿರುಸಾ ಈ ಕಾರ್ಯಕ್ರಮಕ್ಕೆ ತಾನು ದುಡಿದದ್ದನ್ನು ತನ್ನ ಜಾಲತಾಣದಲ್ಲಿ ಬಹಿರಂಗಪಡಿಸಿ ಒಪ್ಪಂದ ಮುರಿದಿದೆ, ಆದ್ದರಿಂದ ಹಣ ತಡೆಹಿಡಿದಿದ್ದೇವೆ ಎಂದು ಮೊಬಿಲಾಕ್ಸ್ 2015ರ ಜನವರಿ 30ರಂದು ಇಮೇಲ್ ಕಳಿಸಿತು. ಸುಮಾರು ಎರಡು ವರ್ಷ ಬಿಟ್ಟು, 2016ರ ಡಿಸೆಂಬರಿನಲ್ಲಿ, ಕಿರುಸಾ 20 ಲಕ್ಷ ರೂಪಾಯಿಯಷ್ಟು ಬಾಕಿಗೆ ಹೊಸ ಕಾನೂನಿನಡಿ ಬೇಡಿಕೆ ನೋಟಿಸು ಕೊಟ್ಟಿತು. ಮೊಬಿಲಾಕ್ಸ್ ಹತ್ತು ದಿನದೊಳಗೆ ಉತ್ತರಿಸಿ ಹಳೆಯ ತಕರಾರನ್ನು ಎತ್ತಿ ತೋರಿಸಿತು. ಎನ್‌ಸಿಎಲ್‌ಟಿ ಅರ್ಜಿ ತಿರಸ್ಕರಿಸಿತು. ಮೇಲ್ಮನವಿ ಮಂಡಳಿ ಇದು ಹಣ ಕೊಡದಿರಲು ಹೂಡಿದ ನೆಪ ಎಂದು ತೀರ್ಪನ್ನು ತಿರುಗಿಸಿತು. 2017ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು ಮೊಬಿಲಾಕ್ಸ್ ಪರ ನಿಂತಿತು.

ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠ ಹಾಕಿಕೊಟ್ಟ ಅಳತೆ ಸರಳವಾದದ್ದು. ತಕರಾರು ನೋಟಿಸು ಬರುವ ಮುಂಚೆಯೇ ಇದ್ದಿರಬೇಕು. ಅದು ಇನ್ನಷ್ಟು ವಿಚಾರಣೆ ಬೇಡುವಂಥ, ನಂಬಬಹುದಾದ ವಾದವಾಗಿರಬೇಕು, ಆಧಾರವಿಲ್ಲದ ಬಾಯಿಮಾತಾಗಿರಬಾರದು. ಆ ತಕರಾರಿನಲ್ಲಿ ಯಾರು ಗೆಲ್ಲುತ್ತಾರೆ ಎಂದು ಎನ್‌ಸಿಎಲ್‌ಟಿ ನೋಡಬೇಕಾಗಿಲ್ಲ. ತಕರಾರು ಇತ್ತೇ ಎಂಬುದಷ್ಟೇ ಅದರ ಪ್ರಶ್ನೆ. ಇತ್ತು ಎಂದಾದರೆ ಅರ್ಜಿ ಬೀಳುತ್ತದೆ, ಬಾಕಿದಾರ ಸಿವಿಲ್ ಕೋರ್ಟಿನಲ್ಲೋ ಪಂಚಾಯ್ತಿಯಲ್ಲೋ ತನ್ನ ಹಣಕ್ಕೆ ಹೋರಾಡಬೇಕು. ಹಳೆಯ ಕಾಯ್ದೆಯ ಕಾಲದಲ್ಲೂ ಪ್ರಾಮಾಣಿಕ ವಿವಾದವಿರುವ ಸಾಲಕ್ಕೆ ಕಂಪನಿ ಮುಚ್ಚಿಸಬಾರದು ಎಂಬ ತತ್ವವಿತ್ತು. ಕೈಬದಲಾದರೂ ಈ ಎಳೆ ಕಡಿಯಲಿಲ್ಲ. ಅದು ಸರಿಯಾದದ್ದೇ ಎಂದು ನನಗನ್ನಿಸುತ್ತದೆ. ಜಗಳವಿರುವ ಬಿಲ್ಲೊಂದಕ್ಕಾಗಿ ನೂರಾರು ಜನರ ಕೆಲಸ ಹೋಗಬಾರದು.

ನಮ್ಮ ಉದಾಹರಣೆಗೆ ಬರೋಣ. ಪಂಪು ಕಂಪನಿಯ ಉತ್ತರದಲ್ಲಿ "ಮಾಲು ಸರಿಯಿರಲಿಲ್ಲ" ಎಂದಿದೆ. ಕಾರ್ಖಾನೆಯವರು ತಮ್ಮ ಇಮೇಲ್‌ಗಳನ್ನೂ ಕಡತವನ್ನೂ ತೆರೆದು ನೋಡಬೇಕು. ಸರಕು ಕೊಟ್ಟ ಕಾಲದಲ್ಲೇ ರಿಜೆಕ್ಷನ್ ನೋಟು, ಡೆಬಿಟ್ ನೋಟು, ಅಳತೆ ತಪ್ಪಿದೆ ಎಂಬ ಪತ್ರ ಬಂದಿದ್ದರೆ ತೊಂದರೆಯಿದೆ. ಅಂಥದ್ದೇನೂ ಇಲ್ಲದೆ, ನೋಟಿಸು ಕಂಡ ಮೇಲೆ ಮೊದಲ ಬಾರಿಗೆ ಗುಣಮಟ್ಟದ ಮಾತು ಬಂದಿದ್ದರೆ ಅದು ನಿಲ್ಲುವುದು ಕಷ್ಟ. ನಡುವಿನ ಸ್ಥಿತಿಯೂ ಇರುತ್ತದೆ. ಆರು ಲಕ್ಷದ ಮಾಲಿಗೆ ಮಾತ್ರ ಹಳೆಯ ಡೆಬಿಟ್ ನೋಟು ಇದೆ ಎನ್ನಿ. ಅದನ್ನು ಕಳೆದರೂ 1 ಕೋಟಿ 12 ಲಕ್ಷ ಉಳಿಯುವುದರಿಂದ ಅರ್ಜಿಗೆ ಬಲವಿದೆ. ತಕರಾರು 25 ಲಕ್ಷದ್ದಾದರೆ ಉಳಿಯುವುದು 93 ಲಕ್ಷ, ಒಂದು ಕೋಟಿಯ ಗೆರೆಯೇ ದಾಟುವುದಿಲ್ಲ.

ಹತ್ತು ದಿನ ಕಳೆದು ಹಣವೂ ಬರದೆ, ಗಟ್ಟಿಯಾದ ತಕರಾರೂ ಬರದಿದ್ದರೆ ನಮೂನೆ 5ರಲ್ಲಿ ಅರ್ಜಿ. ಶುಲ್ಕ ಎರಡೇ ಸಾವಿರ ರೂಪಾಯಿ. ಈ ಘಟ್ಟದಲ್ಲಿ ಬಹಳಷ್ಟು ಕಂಪನಿಗಳು ರಾಜಿಗೆ ಬರುತ್ತವೆ. ಕಾರಣ ಊಹಿಸಬಹುದು: ಎನ್‌ಸಿಎಲ್‌ಟಿ ಅರ್ಜಿಯನ್ನು ಅಂಗೀಕರಿಸಿದ ಕ್ಷಣದಿಂದ ನಿರ್ದೇಶಕರ ಅಧಿಕಾರ ಅಮಾನತಾಗುತ್ತದೆ. ಕಂಪನಿಯ ಬೀಗದ ಕೈ, ಚೆಕ್ ಬುಕ್ಕು ಎಲ್ಲವೂ ಮಂಡಳಿ ನೇಮಿಸಿದ ದಿವಾಳಿ ವೃತ್ತಿಪರರ ಕೈಗೆ ಹೋಗುತ್ತವೆ. ಇಪ್ಪತ್ತು ವರ್ಷ ಕಟ್ಟಿದ ಕಂಪನಿಯನ್ನು ಹೀಗೆ ಬಿಟ್ಟುಕೊಡಲು ಯಾವ ಪ್ರವರ್ತಕನೂ ಬಯಸುವುದಿಲ್ಲ. ನೋಟಿಸಿನ ಶಕ್ತಿಯೆಲ್ಲ ಈ ಭಯದಲ್ಲಿದೆ.

ಅದು ಭಯವಾಗಿರುವವರೆಗೆ ಮಾತ್ರ ಶಕ್ತಿ. ಅಂಗೀಕಾರವಾದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಮೊದಲು ಮೊರಟೋರಿಯಂ ಜಾರಿಯಾಗುತ್ತದೆ. ಕಂಪನಿಯ ವಿರುದ್ಧ ಯಾವ ವಸೂಲಿಯೂ, ಯಾವ ದಾವೆಯೂ ಮುಂದುವರಿಯುವಂತಿಲ್ಲ. ಅರ್ಜಿ ಹಾಕಿದವರಿಗೂ ಇದು ಅನ್ವಯ. ಆರಂಭದ ಖರ್ಚು ಅವರ ಮೇಲೆಯೇ ಬೀಳುತ್ತದೆ, ಏಕೆಂದರೆ ಹಂಗಾಮಿ ವೃತ್ತಿಪರರ ವೆಚ್ಚವನ್ನು ಮೊದಲು ಭರಿಸಬೇಕಾದವರು ಅರ್ಜಿದಾರರು. ಸಾಲದಾತರ ಸಮಿತಿ ಒಪ್ಪಿದಷ್ಟು ಮಾತ್ರ ಮರಳಿ ಬರುತ್ತದೆ. ಮುಂದೆ ಕಂಪನಿಯ ಭವಿಷ್ಯ ನಿರ್ಧರಿಸುವ ಆ ಸಮಿತಿಯಲ್ಲಿ ಮತ ಹಾಕುವವರು ಬ್ಯಾಂಕುಗಳಂಥ ಹಣಕಾಸು ಸಾಲದಾತರು. ಸರಕು ಕೊಟ್ಟು ಕೈ ಸುಟ್ಟುಕೊಂಡವರಿಗೆ ಮತವಿಲ್ಲ. ತಮ್ಮ ವರ್ಗದ ಬಾಕಿ ಒಟ್ಟು ಸಾಲದ ಶೇಕಡ 10ರಷ್ಟಿದ್ದರೆ ಸಭೆಗೆ ಹೋಗಿ ಕೂರಬಹುದು, ಅಷ್ಟೆ. ಸಮಿತಿ ರಚನೆಯಾದ ಮೇಲೆ ರಾಜಿಯಾಗಿ ಅರ್ಜಿ ವಾಪಸು ಪಡೆಯಬೇಕೆಂದರೂ ಅದರ ಶೇಕಡ 90ರಷ್ಟು ಮತ ಬೇಕು.

ಕಂಪನಿಯನ್ನು ಕೊಳ್ಳುವವರನ್ನು ಹುಡುಕಲು 180 ದಿನ, ವಿಸ್ತರಿಸಿದರೆ ಇನ್ನೂ 90 ದಿನ. ಕೋರ್ಟಿನ ಕಾಲವನ್ನೂ ಸೇರಿಸಿ 330 ದಿನದೊಳಗೆ ಮುಗಿಯಬೇಕೆಂದು ಕಾನೂನು ಹೇಳುತ್ತದೆ. ಇದಕ್ಕಿಂತ ಬಹಳ ತಡವಾಗಿ ಮುಗಿದ ಪ್ರಕರಣಗಳೇನೂ ಕಡಿಮೆಯಿಲ್ಲ. ಯಾರೂ ಮುಂದೆ ಬಾರದಿದ್ದರೆ, ಬಂದವರ ಯೋಜನೆ ಸಮಿತಿಗೆ ಒಪ್ಪಿಗೆಯಾಗದಿದ್ದರೆ ಲಿಕ್ವಿಡೇಷನ್ ಆದೇಶ. ಇದುವರೆಗೆ ಹೊಸ ಒಡೆಯರು ಸಿಕ್ಕಿ ಉಳಿದ ಕಂಪನಿಗಳಿಗಿಂತ ಲಿಕ್ವಿಡೇಷನ್‌ಗೆ ಹೋದ ಕಂಪನಿಗಳೇ ಹೆಚ್ಚು.

ಪಂಪು ಕಂಪನಿಗೂ ಹಾಗೇ ಆಯಿತೆನ್ನಿ. ಜಾಗ, ಯಂತ್ರ, ದಾಸ್ತಾನು ಮಾರಿ ಲಿಕ್ವಿಡೇಟರ್ ಕೈಗೆ 9 ಕೋಟಿ ಬಂತು. ಇದನ್ನು ಹಂಚುವ ಸಾಲು ಸಂಹಿತೆಯ 53ನೇ ಕಲಮಿನಲ್ಲಿದೆ. ಎಲ್ಲಕ್ಕಿಂತ ಮೊದಲು ಇಡೀ ಪ್ರಕ್ರಿಯೆಯ ಖರ್ಚು. ಅದು 60 ಲಕ್ಷ. ಉಳಿದದ್ದು 8 ಕೋಟಿ 40 ಲಕ್ಷ. ಆಮೇಲೆ ಒಂದೇ ಹಂತದಲ್ಲಿ ಸಮಾನವಾಗಿ ನಿಲ್ಲುವವರು ಇಬ್ಬರು: ಹಿಂದಿನ 24 ತಿಂಗಳ ಬಾಕಿ ಇರುವ ಕಾರ್ಮಿಕರು ಮತ್ತು ತಮ್ಮ ಅಡಮಾನವನ್ನು ಒಟ್ಟು ಗಂಟಿಗೆ ಬಿಟ್ಟುಕೊಟ್ಟ ಬ್ಯಾಂಕುಗಳು. ಕಾರ್ಮಿಕರಿಗೆ 1 ಕೋಟಿ 40 ಲಕ್ಷ, ಬ್ಯಾಂಕಿಗೆ 14 ಕೋಟಿ ಬರಬೇಕು. ಇರುವುದು ಎರಡರ ಮೊತ್ತದ ಅರ್ಧಕ್ಕಿಂತ ತುಸು ಹೆಚ್ಚು. ಆದ್ದರಿಂದ ಕಾರ್ಮಿಕರಿಗೆ ಸುಮಾರು 76 ಲಕ್ಷ, ಬ್ಯಾಂಕಿಗೆ ಸುಮಾರು 7 ಕೋಟಿ 64 ಲಕ್ಷ ಹೋಗಿ ಗಂಟು ಖಾಲಿಯಾಯಿತು. ಇವರ ಹಿಂದೆ ಇತರ ನೌಕರರ ಸಂಬಳ, ಭದ್ರತೆಯಿಲ್ಲದ ಹಣಕಾಸು ಸಾಲ, ಸರ್ಕಾರದ ತೆರಿಗೆ ಬಾಕಿ ಸಾಲಾಗಿ ನಿಂತಿವೆ. ಅವುಗಳಿಗೂ ಹಿಂದೆ, ಷೇರುದಾರರಿಗಿಂತ ಸ್ವಲ್ಪ ಮುಂದೆ, "ಉಳಿದ ಬಾಕಿಗಳು" ಎಂಬ ಹಂತದಲ್ಲಿ ನಮ್ಮ ಪೀಣ್ಯದ ಕಾರ್ಖಾನೆ. ನೋಟಿಸು ಕೊಟ್ಟು ಎಲ್ಲವನ್ನೂ ಶುರು ಮಾಡಿದವರಿಗೆ ಒಂದು ರೂಪಾಯಿಯೂ ಇಲ್ಲ.

ಹಾಗಾಗಿ ನೋಟಿಸು ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಂಪನಿಯ ಬಳಿ ಹಣವಿದ್ದೂ ಕೊಡುತ್ತಿಲ್ಲವೇ, ಅಥವಾ ನಿಜವಾಗಿ ಇಲ್ಲವೇ? ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕೊಟ್ಟರೆ ಕಂಪನಿಯ ಬ್ಯಾಲೆನ್ಸ್ ಶೀಟು ಸಿಗುತ್ತದೆ, ಅದರ ಆಸ್ತಿಯ ಮೇಲೆ ಯಾವ ಬ್ಯಾಂಕಿನ ಎಷ್ಟು ಹೊರೆಯಿದೆ ಎಂಬ ದಾಖಲೆಯೂ ಸಿಗುತ್ತದೆ. ಹಣವಿದ್ದು ಸತಾಯಿಸುವ ಕಂಪನಿಗೆ ಹತ್ತು ದಿನದ ನೋಟಿಸು ಚುರುಕು ಮುಟ್ಟಿಸುತ್ತದೆ. ಬ್ಯಾಂಕಿನ ಸಾಲದಲ್ಲಿ ಮುಳುಗಿರುವ ಕಂಪನಿಗೆ ಅದನ್ನು ಕೊಟ್ಟರೆ ಬ್ಯಾಂಕಿನ ಕೆಲಸವನ್ನು ನಿಮ್ಮ ಖರ್ಚಿನಲ್ಲಿ ಮಾಡಿಕೊಟ್ಟಂತೆ. ಇದು ವಸೂಲಿಯ ಕಾನೂನಲ್ಲ ಎಂದು ಸುಪ್ರೀಂ ಕೋರ್ಟು 2019ರ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿ ಹೇಳಿದ್ದನ್ನು ಸಣ್ಣ ಬಾಕಿದಾರರು ಎಚ್ಚರಿಕೆಯ ಮಾತೆಂದೇ ತೆಗೆದುಕೊಳ್ಳಬೇಕು. ದುರುದ್ದೇಶದಿಂದ ಅರ್ಜಿ ಹಾಕಿದರೆ ಒಂದು ಲಕ್ಷದಿಂದ ಒಂದು ಕೋಟಿಯವರೆಗೆ ದಂಡ ಹಾಕುವ ಅಧಿಕಾರವೂ ಎನ್‌ಸಿಎಲ್‌ಟಿಗಿದೆ.

ಉದ್ಯಮ್ ನೋಂದಣಿಯಿರುವ ಸಣ್ಣ ಕಾರ್ಖಾನೆಗಳಿಗೆ ಬೇರೊಂದು ದಾರಿಯಿದೆ, ಒಂದು ಕೋಟಿಯ ಮಿತಿ ಅದಕ್ಕಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಸೇರುತ್ತದೆ. ದೂರು ಹೋಗುವುದು ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ. ಹಣವಿರುವ ಕಂಪನಿಯಿಂದ ಬಾಕಿ ಪಡೆಯಲು ಮೊದಲು ಈ ಬಾಗಿಲು ತಟ್ಟುವುದು ಲೇಸು. ಬೇರೆ ಯಾರಾದರೂ ಆ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆದರೆ ಮೊರಟೋರಿಯಂ ಬಂದು ಇದೂ ನಿಲ್ಲುತ್ತದೆ, ಆದ್ದರಿಂದ ತಡ ಮಾಡಬಾರದು.

ನೋಟಿಸು ಪಡೆದ ಕಂಪನಿಗೂ ಒಂದು ಮಾತಿದೆ. ಹತ್ತು ದಿನದೊಳಗೆ ಉತ್ತರ ಬರೆಯಿರಿ, ಹಳೆಯ ತಕರಾರಿನ ಪತ್ರಗಳನ್ನು ದಿನಾಂಕ ಸಮೇತ ಲಗತ್ತಿಸಿ. ಸುಮ್ಮನಿದ್ದು ಆಮೇಲೆ ಎನ್‌ಸಿಎಲ್‌ಟಿ ಮುಂದೆ ದಾಖಲೆ ತೋರಿಸಲು ಅವಕಾಶ ಸಿಗಬಹುದು, ಆದರೆ ಆಗ ನಿಮ್ಮ ಮಾತಿಗೆ ಅಷ್ಟು ಬೆಲೆ ಉಳಿದಿರುವುದಿಲ್ಲ.

ನಿಮಗೆ ಬಾಕಿ ಕೊಡಬೇಕಾದ ಕಂಪನಿಯ ಮೇಲೆ ಬೇರೊಬ್ಬರ ಅರ್ಜಿ ಅಂಗೀಕಾರವಾಗಿದ್ದರೆ ನೋಟಿಸಿನ ಯೋಚನೆ ಬಿಟ್ಟುಬಿಡಿ. ಪತ್ರಿಕೆಯಲ್ಲಿ ಬರುವ ಸಾರ್ವಜನಿಕ ಪ್ರಕಟಣೆಯಲ್ಲಿ ದಿವಾಳಿ ವೃತ್ತಿಪರರ ವಿಳಾಸವೂ ಹಕ್ಕು ಸಲ್ಲಿಸುವ ಕೊನೆಯ ದಿನವೂ ಇರುತ್ತವೆ. ಆ ದಿನದೊಳಗೆ ನಮೂನೆ ಬಿ ತುಂಬಿ, ಬಿಲ್ಲುಗಳೊಂದಿಗೆ ಕಳಿಸಿ. ಹೊಸ ಒಡೆಯರ ಯೋಜನೆಗೆ ಎನ್‌ಸಿಎಲ್‌ಟಿ ಒಪ್ಪಿಗೆ ಕೊಟ್ಟ ದಿನ, ಆ ಯೋಜನೆಯಲ್ಲಿ ಸೇರದ ಬಾಕಿಗಳೆಲ್ಲ ನಾಶವಾಗುತ್ತವೆ ಎಂದು ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಆಮೇಲೆ ಎಷ್ಟೇ ಗಟ್ಟಿಯಾದ ಬಿಲ್ಲು ಹಿಡಿದು ಹೋದರೂ ಕೇಳುವವರಿರುವುದಿಲ್ಲ.